21 ಮೈಕ್ರಾನ್ ಟಾಲರೆನ್ಸಿಗೆ ಯಾವ ಮೈಕ್ರೋಮೀಟರ್?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದು ಎರಡು ಸಿಎನ್‌ಸಿ ಲೇತ್ ಇರುವ ಸಣ್ಣ ಶಾಪ್. ಒಂದು ಸ್ಟೀಲ್ ಪಿನ್ ಮಾಡಿಕೊಡ್ತೀವಿ. ಡ್ರಾಯಿಂಗಿನಲ್ಲಿ ವ್ಯಾಸ 20 ಮಿ.ಮೀ., ಮೇಲಿನ ಮಿತಿ 0, ಕೆಳಗಿನ ಮಿತಿ −0.021 ಅಂತಿದೆ. 0.01 ಡಿಜಿಟಲ್ ಮೈಕ್ರೋಮೀಟರಿನಲ್ಲಿ ಒಂದೊಂದು ಪೀಸನ್ನೂ ನೋಡಿಯೇ ಕಳಿಸಿದ್ವಿ. ಎಲ್ಲಾ 19.98ರಿಂದ 20.00ರ ಒಳಗೇ ಇತ್ತು. ಆದ್ರೂ 400ರಲ್ಲಿ 31 ಪೀಸ್ ವಾಪಸ್ ಬಂತು. ಕೆಲವು ದಪ್ಪ, ಕೆಲವು ಸಣ್ಣ ಅಂತಾರೆ. ಅವರ ಕ್ವಾಲಿಟಿಯವರು "ಹತ್ತಕ್ಕೊಂದು ರೂಲ್ ನೋಡ್ಕೊಳ್ಳಿ" ಅಂದ್ರು. ಏನದು? 0.001 ಮೈಕ್ರೋಮೀಟರ್ ತಗೊಂಡ್ರೆ ಸಾಕಾ? ಅದೇ ಪಿನ್ನಿನಲ್ಲಿ ಉದ್ದ 80 ±0.3, ಮೆಟ್ಟಿಲು 15 ±0.05 ಇದೆ. ಅವಕ್ಕೂ ಅಷ್ಟೇ ಸೂಕ್ಷ್ಮದ್ದು ಬೇಕಾ?

ಉತ್ತರ: ನಿಮ್ಮ ಹುಡುಗರು ತಪ್ಪು ಓದಿಲ್ಲ. ಮೈಕ್ರೋಮೀಟರ್ ಕೆಟ್ಟಿರಲೇಬೇಕು ಅಂತಲೂ ಇಲ್ಲ. ಈ ಅಳತೆಗೆ ಅದರ ಹೆಜ್ಜೆ ದೊಡ್ಡದಾಯಿತು, ಅಷ್ಟೇ. ಹೇಗೆ ಅಂತ ನಿಮ್ಮ ಪಿನ್ನಿನ ಮೇಲೇ ನೋಡೋಣ.

ಡ್ರಾಯಿಂಗ್ ಪ್ರಕಾರ ಪಿನ್ 19.979ರಿಂದ 20.000ರವರೆಗೆ ಇರಬಹುದು. ಇದು ಸಣ್ಣ ಅಕ್ಷರದ ಎಚ್7 ಟಾಲರೆನ್ಸ್. ಅಗಲ 0.021 ಮಿ.ಮೀ., ಅಂದರೆ 21 ಮೈಕ್ರಾನ್. ನಿಮ್ಮ ಮೈಕ್ರೋಮೀಟರ್ 10 ಮೈಕ್ರಾನಿಗೆ ಒಂದು ಹೆಜ್ಜೆ ಇಡುತ್ತದೆ. ಹಾಗಾಗಿ ಈ 21 ಮೈಕ್ರಾನಿನ ಜಾಗದಲ್ಲಿ ಅದು ತೋರಿಸಬಲ್ಲ ಅಂಕಿ ಮೂರೇ ಮೂರು: 19.98, 19.99, 20.00. ನೀವು 400 ಪೀಸ್ ಅಳೆದರೂ ರಿಜಿಸ್ಟರಿನಲ್ಲಿ ಈ ಮೂರು ಅಂಕಿ ಬಿಟ್ಟು ಬೇರೆ ಇರುವುದಿಲ್ಲ. ಬೇಕಾದರೆ ಈಗಲೇ ತೆಗೆದು ನೋಡಿ.

ಪರದೆ ಮೇಲೆ 19.98 ಅಂತ ಬಂದರೆ ಪಿನ್ ಸರಿಯಾಗಿ 19.980 ಇದೆ ಅಂತಲ್ಲ. 19.975ರಿಂದ 19.985ರ ನಡುವೆ ಎಲ್ಲೋ ಇದೆ ಅಂತ ಅರ್ಥ. ಉಪಕರಣ ಹತ್ತಿರದ ಹೆಜ್ಜೆಗೆ ಸೇರಿಸಿ ಹೇಳುತ್ತದೆ. 19.976 ಇರುವ ಪಿನ್ ಡ್ರಾಯಿಂಗಿಗಿಂತ 3 ಮೈಕ್ರಾನ್ ಸಣ್ಣದು, ಆದರೆ ನಿಮ್ಮ ಪರದೆಯಲ್ಲಿ 19.98. ಪಾಸ್. ಮೇಲಿನ ಕಡೆಯೂ ಹೀಗೆಯೇ. 20.004 ಇರುವ ಪಿನ್ 20.00 ಅಂತ ತೋರಿಸುತ್ತದೆ. ಅದೂ ಪಾಸ್. ಲೆಕ್ಕ ಹಾಕಿದರೆ ನೀವು ನಿಜವಾಗಿ ಒಪ್ಪುತ್ತಿದ್ದದ್ದು 19.975ರಿಂದ 20.005ರವರೆಗೆ. ಗ್ರಾಹಕರು ಕೊಟ್ಟದ್ದು 21 ಮೈಕ್ರಾನ್, ನೀವು ಬಳಸಿಕೊಂಡದ್ದು 30 ಮೈಕ್ರಾನ್. ಉಪಕರಣದಲ್ಲಿ ಒಂದು ಮೈಕ್ರಾನ್ ದೋಷವೂ ಇಲ್ಲ ಅಂದುಕೊಂಡರೂ ಈ 9 ಮೈಕ್ರಾನ್ ಹೆಚ್ಚಾಗುತ್ತದೆ.

ಹತ್ತಕ್ಕೊಂದು ರೂಲ್ ಹುಟ್ಟಿದ್ದೇ ಇದನ್ನು ತಡೆಯಲಿಕ್ಕೆ. ಟಾಲರೆನ್ಸಿನ ಪೂರ್ತಿ ಅಗಲವನ್ನು 10ರಿಂದ ಭಾಗಿಸಿ. ಬಂದ ಅಂಕಿಗಿಂತ ನಿಮ್ಮ ಉಪಕರಣದ ಲೀಸ್ಟ್ ಕೌಂಟ್, ಅಂದರೆ ಅದು ಇಡುವ ಒಂದು ಹೆಜ್ಜೆ, ದೊಡ್ಡದಿರಬಾರದು. ಸಮ ಇರಬಹುದು, ಸಣ್ಣದಿರಬಹುದು.

0.021 ÷ 10 = 0.0021 ಮಿ.ಮೀ.

0.0021 ಲೀಸ್ಟ್ ಕೌಂಟಿನ ಉಪಕರಣ ಯಾರೂ ಮಾಡುವುದಿಲ್ಲ. ಅಂಗಡಿಯಲ್ಲಿ ಸಿಗುವುದು 0.01, 0.005, 0.002, 0.001 ಹೀಗೆ. ಇಂಥ ಕಡೆ ಯಾವಾಗಲೂ ಸಣ್ಣದರ ಕಡೆಗೆ ಇಳಿಯಬೇಕು, ಮೇಲಕ್ಕೆ ಹೋಗಬಾರದು. ನಿಮಗೆ 0.002 ನಡೆಯುತ್ತದೆ, 0.001 ಇನ್ನೂ ಚೆನ್ನ, 0.005 ನಡೆಯುವುದಿಲ್ಲ. ನೀವು ಬಳಸಿದ 0.01 ಹತ್ತಕ್ಕೊಂದಲ್ಲ, ಹತ್ತಿರ ಹತ್ತಿರ ಎರಡಕ್ಕೊಂದು.

ಹತ್ತೇ ಯಾಕೆ ಅಂತ ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ. ಹತ್ತಿರದ ಹೆಜ್ಜೆಗೆ ಸೇರಿಸುವಾಗ ಆಗುವ ತಪ್ಪು ಜಾಸ್ತಿ ಅಂದರೆ ಅರ್ಧ ಹೆಜ್ಜೆ. ಹೆಜ್ಜೆ ಟಾಲರೆನ್ಸಿನ ಹತ್ತನೇ ಒಂದು ಭಾಗ ಇದ್ದರೆ, ಅರ್ಧ ಹೆಜ್ಜೆ ಇಪ್ಪತ್ತನೇ ಒಂದು ಭಾಗ, ಅಂದರೆ ಪ್ರತಿ ತುದಿಯಲ್ಲಿ ಶೇ. 5. ಅಷ್ಟನ್ನು ಸಹಿಸಿಕೊಳ್ಳಬಹುದು. ನಿಮ್ಮ ಉಪಕರಣದಲ್ಲಿ ಅರ್ಧ ಹೆಜ್ಜೆ ಅಂದರೆ 5 ಮೈಕ್ರಾನ್. 21ರಲ್ಲಿ 5 ಅಂದರೆ ಪ್ರತಿ ತುದಿಯಲ್ಲಿ ಸುಮಾರು ಕಾಲು ಭಾಗ! ಹತ್ತು ಅನ್ನುವುದು ಪ್ರಕೃತಿಯ ನಿಯಮವಲ್ಲ, ಕೆಲಸದವರು ಅನುಭವದಿಂದ ಹಿಡಿದುಕೊಂಡ ಸಂಖ್ಯೆ. ಕ್ಯಾಲಿಬ್ರೇಶನ್ ಲ್ಯಾಬುಗಳಲ್ಲಿ ನಾಲ್ಕಕ್ಕೊಂದು ಅನ್ನುವ ಮಾತನ್ನೂ ಕೇಳುತ್ತೀರಿ. ಅದು ಬೇರೆ ಹೋಲಿಕೆ. ಅಲ್ಲಿ ಅವರು ನೋಡುವುದು ಲೀಸ್ಟ್ ಕೌಂಟನ್ನಲ್ಲ, ಅಳತೆಯ ಒಟ್ಟು ಅನಿಶ್ಚಿತತೆಯನ್ನು. ಇವೆರಡನ್ನು ಬೆರೆಸಿ "ನಾಲ್ಕಕ್ಕೊಂದು ಇದ್ದರೂ ನಡೆಯುತ್ತೆ, 0.005 ಸಾಕು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ, ಕೆಲವು ದಪ್ಪ ಕೆಲವು ಸಣ್ಣ ಆದದ್ದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಒರಟು ಹೆಜ್ಜೆಯ ಉಪಕರಣ ಕೆಟ್ಟ ಪೀಸನ್ನು ಪಾಸ್ ಮಾಡುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಅದು ನಿಮ್ಮ ಆಪರೇಟರ್ ಕೈಯಿಂದಲೇ ಕೆಟ್ಟ ಪೀಸ್ ಮಾಡಿಸುತ್ತದೆ.

ಲೇತಿನಲ್ಲಿ ಹೊರವ್ಯಾಸ ತಿರುಗಿಸುವಾಗ ಇನ್ಸರ್ಟ್ ಸವೆಯುತ್ತಾ ಹೋದಂತೆ ಪಿನ್ ದಪ್ಪ ಆಗುತ್ತಾ ಹೋಗುತ್ತದೆ. ಇದು ನಿಮಗೆ ಗೊತ್ತಿರುವುದೇ. 10 ಪೀಸಿಗೆ 1 ಮೈಕ್ರಾನ್ ಏರುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಸೆಟ್ ಮಾಡಿದಾಗ ಪಿನ್ 19.986 ಇತ್ತು. ಪರದೆಯಲ್ಲಿ 19.99. ಪಿನ್ 19.995 ಮುಟ್ಟುವವರೆಗೆ, ಅಂದರೆ ಸುಮಾರು 90 ಪೀಸ್, ಪರದೆ ಅಲ್ಲಾಡುವುದೇ ಇಲ್ಲ. "ಮಷೀನ್ ಸೂಪರ್ ಆಗಿ ಓಡ್ತಿದೆ, ಒಂದೇ ಸೈಜ್" ಅಂತ ಎಲ್ಲರಿಗೂ ಸಂತೋಷ. ಆಮೇಲೆ ಒಂದು ಪೀಸಿನಲ್ಲಿ ಇದ್ದಕ್ಕಿದ್ದಂತೆ 20.00 ಬರುತ್ತದೆ.

ಇಲ್ಲಿ ಆಪರೇಟರ್ ಎರಡರಲ್ಲಿ ಒಂದು ಮಾಡುತ್ತಾನೆ. ಧೈರ್ಯದವನಾದರೆ "20.00 ಇನ್ನೂ ಒಳಗೇ ಇದೆ" ಅಂತ ಓಡಿಸುತ್ತಾನೆ. ಮುಂದಿನ 50 ಪೀಸ್ ನಿಜವಾಗಿಯೂ ಒಳಗಿರುತ್ತವೆ. ಅದರ ನಂತರದ 50 ಪೀಸ್ 20.000 ದಾಟಿರುತ್ತವೆ, ಆದರೆ ಪರದೆಯಲ್ಲಿ ಅದೇ 20.00. ಇವೇ ನಿಮ್ಮ ದಪ್ಪ ಪೀಸುಗಳು. ಜಾಗ್ರತೆಯವನಾದರೆ 20.00 ಕಂಡ ತಕ್ಷಣ "ಮೇಲಿನ ಮಿತಿಗೆ ಬಂತು" ಅಂತ ಹೆದರಿ, 19.98ಕ್ಕೆ ಇಳಿಸೋಣ ಅಂತ 0.02 ಆಫ್‌ಸೆಟ್ ಕೊಡುತ್ತಾನೆ. ಪಿನ್ ನಿಜವಾಗಿ ಇದ್ದದ್ದು 19.995. ಈಗ ಆದದ್ದು 19.975. ಕೆಳಗಿನ ಮಿತಿಗಿಂತ 4 ಮೈಕ್ರಾನ್ ಸಣ್ಣ. ಪರದೆ ಮಾತ್ರ ಅವನಿಗೆ ಬೇಕಾದ 19.98 ತೋರಿಸುತ್ತದೆ. ಇನ್ಸರ್ಟ್ ಮತ್ತೆ 4 ಮೈಕ್ರಾನ್ ಸವೆಯುವವರೆಗೆ, ಅಂದರೆ ಸುಮಾರು 40 ಪೀಸ್, ಎಲ್ಲವೂ ರಿಜೆಕ್ಟ್. ಒಂದೇ ಲಾಟಿನಲ್ಲಿ ದಪ್ಪವೂ ಸಣ್ಣವೂ ಬರುವುದು ಹೀಗೆ. ಜಾಗ್ರತೆ ವಹಿಸಿದವನೂ ತಪ್ಪು ಮಾಡುವಂತೆ ಮಾಡುತ್ತದೆ ಅನ್ನುವುದೇ ನನಗೆ ಇದರಲ್ಲಿ ಬೇಸರ ತರುವ ವಿಷಯ. ಆ ಹುಡುಗನನ್ನು ಬೈಯಬೇಡಿ.

ಅದೇ ಕೆಲಸವನ್ನು 0.001 ಉಪಕರಣದಲ್ಲಿ ಮಾಡಿದ್ದರೆ 19.986, 19.987, 19.988 ಅಂತ ಏರಿಕೆ ಕಣ್ಣಿಗೆ ಕಾಣುತ್ತಿತ್ತು. 19.994 ಬಂದಾಗ 8 ಮೈಕ್ರಾನ್ ಇಳಿಸಿ ಮತ್ತೆ 19.986ಕ್ಕೆ ತರಬಹುದಿತ್ತು. ನಿಮ್ಮ ಕಂಟ್ರೋಲರ್ ಮೈಕ್ರಾನ್ ಲೆಕ್ಕದಲ್ಲಿ ಆಫ್‌ಸೆಟ್ ತೆಗೆದುಕೊಳ್ಳುತ್ತದೆ. ಅಷ್ಟು ಸೂಕ್ಷ್ಮವಾಗಿ ಹೇಳುವ ಉಪಕರಣ ಮಾತ್ರ ನಿಮ್ಮ ಬಳಿ ಇರಲಿಲ್ಲ.

ನಾನು ಇನ್ಸ್‌ಪೆಕ್ಷನ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಫ್ಟಿನ ಬೇರಿಂಗ್ ಕೂರುವ ಜಾಗವನ್ನು ಅಳೆದು ಬರೆಯುವುದು ನನ್ನ ಪಾಲಿಗಿತ್ತು. ಒಂದು ತಿಂಗಳ ಅಳತೆಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡು ಅಂತ ನಮ್ಮ ಹಿರಿಯರು ಹೇಳಿದರು. ಚುಕ್ಕಿ ಇಟ್ಟೆ. ಎರಡು ಕಂಬ ಎದ್ದು ನಿಂತವು, ನಡುವೆ ಖಾಲಿ. "ಶಾಫ್ಟ್‌ಗಳು ಎರಡೇ ಸೈಜಿನಲ್ಲಿ ಹುಟ್ಟುತ್ತವಾ?" ಅಂತ ಅವರು ಕೇಳಿದ್ದು ಇನ್ನೂ ನೆನಪಿದೆ. ಅವತ್ತಿನಿಂದ ಯಾವ ಶಾಪಿಗೆ ಹೋದರೂ ಮೊದಲು ರಿಜಿಸ್ಟರ್ ತೆಗೆಸುತ್ತೇನೆ. ಹಿಂದಿನ 50 ಅಳತೆಯಲ್ಲಿ ಬೇರೆ ಬೇರೆ ಅಂಕಿ ಎಷ್ಟಿವೆ ಅಂತ ಎಣಿಸುತ್ತೇನೆ. ಮೂರೋ ನಾಲ್ಕೋ ಮಾತ್ರ ಇದ್ದರೆ, ಮಷೀನ್ ಅಷ್ಟು ಸ್ಥಿರ ಅಂತ ನಂಬುವ ಮೊದಲು ಉಪಕರಣದ ಮೇಲೆ ಅನುಮಾನ ಪಡುತ್ತೇನೆ. ನೀವು ಐದೈದು ಪೀಸಿನ ಗುಂಪು ಮಾಡಿ ರೇಂಜ್ ಚಾರ್ಟ್ ಹಾಕುವವರಾದರೆ ಅಲ್ಲಿಯೂ ಗೊತ್ತಾಗುತ್ತದೆ. ರೇಂಜ್ ಬರೀ 0 ಮತ್ತು 0.01ರ ನಡುವೆ ಕುಣಿಯುತ್ತಿದ್ದರೆ ಆ ಚಾರ್ಟ್ ನಿಮಗೆ ಏನೂ ಹೇಳುತ್ತಿಲ್ಲ.

ಒಂದು ಮಾತು ಇಲ್ಲೇ ಸೇರಿಸಬೇಕು. ಗೆರೆ ಇರುವ ಹಳೆಯ 0.01 ಮೈಕ್ರೋಮೀಟರಿನಲ್ಲಿ ಪಳಗಿದ ಕೈಗಳು ಎರಡು ಗೆರೆಗಳ ನಡುವೆ ಅಂದಾಜು ಮಾಡಿ ಓದುತ್ತಾರೆ. ಅದು ಸುಳ್ಳಲ್ಲ, ಒಳ್ಳೆಯ ಕಣ್ಣಿದ್ದರೆ ಅರ್ಧ ಹೆಜ್ಜೆಯನ್ನು ಚೆನ್ನಾಗಿಯೇ ಹಿಡಿಯಬಹುದು. ಆದರೆ ಬೆಳಗಿನ ಶಿಫ್ಟಿನವರ ಅಂದಾಜು ಬೇರೆ, ರಾತ್ರಿ ಶಿಫ್ಟಿನವರದು ಬೇರೆ. ಪಾಸ್ ಫೇಲ್ ತೀರ್ಮಾನವನ್ನು ಅದರ ಮೇಲೆ ನಿಲ್ಲಿಸಬಾರದು. ಡಿಜಿಟಲ್‌ನಲ್ಲಂತೂ ಆ ಅಂದಾಜಿಗೂ ಜಾಗವಿಲ್ಲ.

ಸರಿ, 0.001 ಮೈಕ್ರೋಮೀಟರ್ ತಂದಿರಿ. ಸಾಕಾ? ಸಾಲದು. ಈ ರೂಲ್ ಹೇಳುವುದು ಉಪಕರಣದ ಹೆಜ್ಜೆ ಎಷ್ಟು ಸಣ್ಣದಿರಬೇಕು ಅಂತ ಮಾತ್ರ. ಆ ಹೆಜ್ಜೆ ಸರಿಯಾದ ಜಾಗದಲ್ಲಿ ಬೀಳುತ್ತದಾ ಅನ್ನುವುದು ಬೇರೆ ಪ್ರಶ್ನೆ. 0.001 ತೋರಿಸುವ ಮೈಕ್ರೋಮೀಟರಿನ ದೋಷ 1 ಮೈಕ್ರಾನ್ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಕ್ಯಾಟಲಾಗ್ ತೆರೆದು ನೋಡಿ. ಲೀಸ್ಟ್ ಕೌಂಟ್ ಒಂದು ಕಾಲಮಿನಲ್ಲಿರುತ್ತದೆ, ಅಕ್ಯುರೆಸಿ ಇನ್ನೊಂದು ಕಾಲಮಿನಲ್ಲಿರುತ್ತದೆ. 0–25 ಮಿ.ಮೀ.ನ ಸಾಮಾನ್ಯ ಡಿಜಿಟಲ್ ಮೈಕ್ರೋಮೀಟರಿಗೆ ±2 ಮೈಕ್ರಾನ್ ಅಂತ ಬರೆದಿರುವುದು ಮಾಮೂಲು. ಚೆನ್ನಾಗಿರುವುದಕ್ಕೆ ±1 ಇರುತ್ತದೆ. ಕೊಳ್ಳುವಾಗ ಎರಡನೇ ಕಾಲಮ್ ಓದಿಯೇ ಕೊಳ್ಳಿ. ಮನೆಗೆ ಬಂದ ಮೇಲೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಕ್ಯಾಲಿಬ್ರೇಟ್ ಮಾಡಿಸಿದರೆ ನಿಮ್ಮ ಕೈಲಿರುವ ಆ ಒಂದು ಉಪಕರಣದ ನಿಜವಾದ ದೋಷ ಎಷ್ಟು ಅಂತ ಸರ್ಟಿಫಿಕೇಟಿನಲ್ಲಿ ಬರುತ್ತದೆ. ಆ ಹಾಳೆಯನ್ನು ಫೈಲಿಗೆ ಹಾಕಿ ಮರೆಯಬೇಡಿ. 20 ಮಿ.ಮೀ. ಹತ್ತಿರದ ಸಾಲಿನಲ್ಲಿ ಎಷ್ಟಿದೆ ಅಂತ ನೋಡಿ.

ನಿಮಗೆ ಒಂದು ಸುಲಭ ದಾರಿಯೂ ಇದೆ. ನೀವು ಅಳೆಯುವುದು ಯಾವಾಗಲೂ 20ರ ಆಸುಪಾಸು. ಹಾಗಾಗಿ 20 ಮಿ.ಮೀ. ಸ್ಲಿಪ್ ಗೇಜ್ ಒಂದನ್ನು ಇಟ್ಟುಕೊಂಡು, ದಿನಾ ಬೆಳಿಗ್ಗೆ ಮೈಕ್ರೋಮೀಟರಿನಲ್ಲಿ ಅದನ್ನೇ ಅಳೆಯಿರಿ. 20.000 ಬರಬೇಕು. 20.002 ಬಂದರೆ ಅಷ್ಟನ್ನು ಅಲ್ಲೇ ಸರಿಪಡಿಸಿ ಕೆಲಸ ಶುರು ಮಾಡಿ. ಬರೀ ಎರಡು ಮುಖ ಮುಚ್ಚಿ ಝೀರೋ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಯಾಕೆಂದರೆ ಸೊನ್ನೆಯಿಂದ 20ರವರೆಗೆ ಸ್ಕ್ರೂ ಓಡುವಾಗ ಸೇರುವ ದೋಷ ನಿಮ್ಮ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಆಮೇಲೆ ಬಿಸಿ. 10 ಮೈಕ್ರಾನ್ ಹೆಜ್ಜೆಯ ಉಪಕರಣದಲ್ಲಿ ಇದು ನಿಮಗೆ ಕಂಡೇ ಇರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸ್ಟೀಲ್ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನಿಮ್ಮ 20 ಮಿ.ಮೀ. ವ್ಯಾಸಕ್ಕೆ ಡಿಗ್ರಿಗೆ 0.23 ಮೈಕ್ರಾನ್. ಸುಮ್ನೆ ಕಾಲು ಮೈಕ್ರಾನ್ ಅಂತ ಅನಿಸುತ್ತದೆ ಅಲ್ವಾ? ಚಕ್ಕಿನಿಂದ ಈಗ ತಾನೇ ತೆಗೆದ ಪೀಸ್ 50 ಡಿಗ್ರಿ ಇದೆ, ಮೈಕ್ರೋಮೀಟರ್ 28 ಡಿಗ್ರಿ ಇದೆ ಅಂದುಕೊಳ್ಳಿ. 22 ಡಿಗ್ರಿ ವ್ಯತ್ಯಾಸಕ್ಕೆ 5 ಮೈಕ್ರಾನ್. ಬಿಸಿಯಲ್ಲಿ 19.983 ಅಂತ ಪಾಸಾದ ಪಿನ್ ಆರಿದ ಮೇಲೆ 19.978 ಆಗುತ್ತದೆ. ಅಂದರೆ ರಿಜೆಕ್ಟ್. ನಿಮ್ಮ ಸಣ್ಣ ಪೀಸುಗಳಲ್ಲಿ ಕೆಲವಕ್ಕೆ ಇದೂ ಕಾರಣ ಇರಬಹುದು. ಪಿನ್, ಸ್ಲಿಪ್ ಗೇಜ್, ಮೈಕ್ರೋಮೀಟರ್ ಮೂರೂ ಒಂದೇ ಸರ್ಫೇಸ್ ಪ್ಲೇಟಿನ ಮೇಲೆ ಒಂದಷ್ಟು ಹೊತ್ತು ಕೂತರೆ ಮೂರೂ ಒಂದೇ ಬಿಸಿಗೆ ಬರುತ್ತವೆ. ಅಳತೆಯ ಪ್ರಮಾಣ ತಾಪಮಾನ 20 ಡಿಗ್ರಿ. ನಿಮ್ಮ ಶಾಪಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ, ಆದರೆ ಮೂರೂ ಸ್ಟೀಲ್ ಆದ್ದರಿಂದ ಒಟ್ಟಿಗೆ ಹಿಗ್ಗುತ್ತವೆ, ವ್ಯತ್ಯಾಸ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಪೀಸ್ ಆಗಿದ್ದರೆ ಈ ಸಮಾಧಾನ ಇಲ್ಲ, ಅದು ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಇನ್ನೊಂದು: ಫ್ರೇಮನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೂರು ಪೀಸ್ ಅಳೆದರೆ ಕೈಯ ಬಿಸಿಗೆ ಫ್ರೇಮ್ ಹಿಗ್ಗಿ ಪೀಸ್ ಸಣ್ಣ ಇರುವಂತೆ ಕಾಣುತ್ತದೆ. ಪ್ಲಾಸ್ಟಿಕ್ ಪಟ್ಟಿ ಇರುವುದು ಅಲ್ಲೇ ಹಿಡಿಯಲಿ ಅಂತ. ಒಂದು ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು.

ಹೊಸ ಉಪಕರಣ ಬಂದ ಮೊದಲ ದಿನ ಈ ಪರೀಕ್ಷೆ ಮಾಡಿ. ಒಂದು ಪಿನ್ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿ. ಅದೇ ಜಾಗವನ್ನು ಒಬ್ಬರೇ 10 ಸಲ ಅಳೆದು ಬರೆಯಿರಿ. ಪ್ರತಿ ಸಲ ಮುಖ ಒರೆಸಬೇಕು, ಥಿಂಬಲ್ ಹಿಡಿದು ಬಿಗಿಯದೆ ರಾಚೆಟ್ ಮಾತ್ರ ತಿರುಗಿಸಬೇಕು. ಆಮೇಲೆ ಇನ್ನೊಬ್ಬರ ಕೈಗೆ ಕೊಡಿ, ಮೊದಲಿನ ಅಂಕಿಗಳನ್ನು ತೋರಿಸಬೇಡಿ. ಇಬ್ಬರ 20 ಅಂಕಿಗಳೂ 2 ಮೈಕ್ರಾನಿನ ಒಳಗೆ ಬಂದರೆ ನಿಮ್ಮ ಶಾಪ್ 21 ಮೈಕ್ರಾನಿನ ಕೆಲಸಕ್ಕೆ ಸಿದ್ಧ. 6, 7 ಮೈಕ್ರಾನ್ ಚದುರಿದರೆ ಕೊನೆಯ ಅಂಕಿಗೆ ಅರ್ಥವೇ ಇಲ್ಲ. ಕಾಗದದ ಮೇಲೆ ನೀವು ಹತ್ತಕ್ಕೊಂದು ಪಾಲಿಸಿದ್ದೀರಿ, ಕೆಲಸದಲ್ಲಿ ಮೂರಕ್ಕೊಂದರಲ್ಲೇ ಇದ್ದೀರಿ. ಆಗ ಇನ್ನೂ ದುಬಾರಿ ಉಪಕರಣ ಹುಡುಕಬೇಡಿ. ಒರೆಸುವುದು, ರಾಚೆಟ್, ಬಿಸಿ, ಈ ಮೂರನ್ನು ಮೊದಲು ಸರಿಮಾಡಿ.

ಇಷ್ಟೆಲ್ಲಾ ಮಾಡಿದ ಮೇಲೂ ಒಂದೆರಡು ಮೈಕ್ರಾನ್ ಅನುಮಾನ ಉಳಿಯುತ್ತದೆ. ಉಪಕರಣದ ದೋಷ, ಕೈಯ ವ್ಯತ್ಯಾಸ, ಬಿಸಿ ಎಲ್ಲಾ ಸೇರಿ 3 ಮೈಕ್ರಾನ್ ಅಂತ ಇಟ್ಟುಕೊಳ್ಳುವುದು ನಿಮ್ಮಂಥ ಶಾಪಿಗೆ ನ್ಯಾಯವಾದ ಲೆಕ್ಕ. ಆ 3 ಮೈಕ್ರಾನನ್ನು ಎರಡೂ ತುದಿಯಿಂದ ಒಳಕ್ಕೆ ಎಳೆದುಕೊಳ್ಳಿ. ಡ್ರಾಯಿಂಗ್ 19.979–20.000 ಅಂದರೆ ನಿಮ್ಮ ಮಷೀನ್ ಪಕ್ಕದಲ್ಲಿ ಅಂಟಿಸುವ ಚೀಟಿ 19.982–19.997 ಅನ್ನಲಿ. ಓಡಾಡಲು 15 ಮೈಕ್ರಾನ್ ಉಳಿಯುತ್ತದೆ. ಪಿನ್ ಏರುತ್ತಲೇ ಹೋಗುವುದರಿಂದ ನಡುವಿಗೆ ಸೆಟ್ ಮಾಡಬೇಡಿ, ಕೆಳಗಿನಿಂದ ಶುರು ಮಾಡಿ: 19.985ಕ್ಕೆ ಸೆಟ್, 19.994ಕ್ಕೆ ಬಂದಾಗ ಆಫ್‌ಸೆಟ್.

ಈ 3 ಮೈಕ್ರಾನಿನ ಲೆಕ್ಕ ಗೊತ್ತಾದರೆ ರೂಲಿನ ಮಿತಿ ಎಲ್ಲಿದೆ ಅಂತಲೂ ಕಾಣುತ್ತದೆ. ನಾಳೆ ಇದೇ ಗ್ರಾಹಕರು ಎಚ್6 ಕೇಳಿದರೆ 20 ವ್ಯಾಸಕ್ಕೆ ಅಗಲ 13 ಮೈಕ್ರಾನ್. ಹತ್ತರಿಂದ ಭಾಗಿಸಿದರೆ 1.3. ಇದೇ 0.001 ಮೈಕ್ರೋಮೀಟರ್ ರೂಲಿನ ಪ್ರಕಾರ ಪಾಸು. ಆದರೆ ಎರಡೂ ತುದಿಯಿಂದ 3 ಮೈಕ್ರಾನ್ ತೆಗೆದರೆ ನಿಮಗೆ ಉಳಿಯುವುದು 7. ಲೇತಿನಲ್ಲಿ 7 ಮೈಕ್ರಾನಿನೊಳಗೆ ದಿನವಿಡೀ ಓಡಿಸುವುದು ಹಿಂಸೆ. ಅಂಥ ಕೆಲಸ ಬಂದರೆ ಮೈಕ್ರೋಮೀಟರ್ ಬಿಟ್ಟು, ಸ್ಲಿಪ್ ಗೇಜಿಗೆ ಸೆಟ್ ಮಾಡಿ ವ್ಯತ್ಯಾಸ ಮಾತ್ರ ಓದುವ ಕಂಪಾರೇಟರ್ ಅಥವಾ ಏರ್ ಗೇಜಿಗೆ ಹೋಗಬೇಕು. ಅವು ಓಡುವ ದೂರ ಕಡಿಮೆ, ಒತ್ತುವ ಬಲ ಒಂದೇ ಸಮ, ಕೈ ಬದಲಾದರೂ ಅಂಕಿ ಬದಲಾಗುವುದು ಕಡಿಮೆ.

ಇನ್ನು ಉದ್ದ ಮತ್ತು ಮೆಟ್ಟಿಲು. ಇಲ್ಲಿ ಜನ ಹೆಚ್ಚಾಗಿ ಎಡವುವುದು ± ಗುರುತಿನಲ್ಲಿ. ±0.3 ಅಂದರೆ ಅಗಲ 0.3 ಅಲ್ಲ, 0.6. ಹತ್ತನೇ ಭಾಗ 0.06. ನಿಮ್ಮ 0.02 ವರ್ನಿಯರ್ ಧಾರಾಳವಾಗಿ ಸಾಕು. 80 ಮಿ.ಮೀ. ಉದ್ದವನ್ನು 0.001ರಲ್ಲಿ ನೋಡುವುದು ಸಮಯ ಹಾಳು. ಕೊನೆಯ ಅಂಕಿ ಪ್ರತಿ ಸಲ ಬೇರೆ ಬರುತ್ತದೆ, ಆಪರೇಟರ್ ಬೇಡದ ತಲೆಬಿಸಿ ಮಾಡಿಕೊಳ್ಳುತ್ತಾನೆ.

ಮೆಟ್ಟಿಲು 15 ±0.05 ಸ್ವಲ್ಪ ಸೂಕ್ಷ್ಮ. ಅಗಲ 0.10, ಹತ್ತನೇ ಭಾಗ 0.01. "ನಮ್ಮ ಡಿಜಿಟಲ್ ವರ್ನಿಯರ್ 0.01 ತೋರಿಸುತ್ತಲ್ಲ" ಅಂತ ನೀವು ಹೇಳಬಹುದು. ತೋರಿಸುತ್ತದೆ, ರೂಲಿಗೂ ಸರಿ. ಆದರೆ ಅದರ ಅಕ್ಯುರೆಸಿ ಕಾಲಮಿನಲ್ಲಿ ಸಾಮಾನ್ಯವಾಗಿ ±0.02 ಇರುತ್ತದೆ, ತೋರಿಸುವ ಹೆಜ್ಜೆಗಿಂತ ಎರಡರಷ್ಟು. ಅದರ ಹಿಂದಿನ ಕಡ್ಡಿಯಲ್ಲಿ ಆಳ ನೋಡಿದರೆ ಕಡ್ಡಿ ಓರೆಯಾಗಿ ಇನ್ನೊಂದೆರಡು ಹೆಜ್ಜೆ ತಪ್ಪುತ್ತದೆ. ಹತ್ತಕ್ಕೊಂದು ರೂಲಿನಲ್ಲಿ ಪಾಸಾಗಿ ಕೆಲಸದಲ್ಲಿ ಸೋಲುವ ಉಪಕರಣಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಇದಕ್ಕೆ 0.01 ಲೀಸ್ಟ್ ಕೌಂಟಿನ ಡೆಪ್ತ್ ಮೈಕ್ರೋಮೀಟರ್ ತೆಗೆದುಕೊಳ್ಳಿ. ಹೆಜ್ಜೆ ಅಷ್ಟೇ, ಆದರೆ ಅಗಲವಾದ ಬೇಸ್ ಮೆಟ್ಟಿಲ ಮುಖದ ಮೇಲೆ ಕೂರುತ್ತದೆ, ದೋಷವೂ ವರ್ನಿಯರಿಗಿಂತ ತುಂಬಾ ಕಡಿಮೆ. ಹಾಗಾಗಿ ನೀವು ಹೊಸದಾಗಿ ಕೊಳ್ಳಬೇಕಾದದ್ದು 0–25ರ 0.001 ಮೈಕ್ರೋಮೀಟರ್, ಒಂದು 20 ಮಿ.ಮೀ. ಸ್ಲಿಪ್ ಗೇಜ್, ಒಂದು ಡೆಪ್ತ್ ಮೈಕ್ರೋಮೀಟರ್. ಹಳೆಯ 0.01 ಮೈಕ್ರೋಮೀಟರನ್ನು ಎಸೆಯಬೇಡಿ. ವ್ಯಾಸಕ್ಕೆ 0.1 ಅಥವಾ ಅದಕ್ಕಿಂತ ಜಾಸ್ತಿ ಅಗಲ ಇರುವ ಕೆಲಸಗಳಿಗೆ ಅದು ಚಿನ್ನದಂಥ ಉಪಕರಣ.

ವಾಪಸ್ ಬಂದ 31 ಪೀಸನ್ನು ಈಗಲೇ ಸ್ಕ್ರ್ಯಾಪಿಗೆ ಹಾಕಬೇಡಿ. ಹೊಸ ಮೈಕ್ರೋಮೀಟರಿನ ಜೊತೆ ಒಂದು ರಾತ್ರಿ ಪ್ಲೇಟಿನ ಮೇಲೆ ಇಟ್ಟು, ಬೆಳಿಗ್ಗೆ ಮತ್ತೆ ಅಳೆಯಿರಿ. ದಪ್ಪ ಬಂದವನ್ನು ಗ್ರಾಹಕರು ಒಪ್ಪಿದರೆ ಪಾಲಿಶ್ ಮಾಡಿ ಒಳಕ್ಕೆ ತರಬಹುದು. ಸಣ್ಣವು ಹೋದಂತೆಯೇ. ಆಮೇಲೆ ಐದು ಪಿನ್ನುಗಳ ಮೇಲೆ 1ರಿಂದ 5ರವರೆಗೆ ನಂಬರ್ ಹಾಕಿ. ಎಲ್ಲಿ ಅಳೆದಿರಿ ಅಂತ ಗುರುತು ಮಾಡಿ, ನಿಮ್ಮ ಅಂಕಿಗಳನ್ನು ಮುಚ್ಚಿದ ಕವರಿನಲ್ಲಿಟ್ಟು ಗ್ರಾಹಕರ ಕ್ವಾಲಿಟಿಯವರಿಗೆ ಕೊಡಿ. ಅದೇ ಗುರುತಿನಲ್ಲಿ ಅವರು ಅಳೆಯಲಿ, ಆಮೇಲೆ ಕವರ್ ತೆರೆದು ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಡಿ. ಐದರಲ್ಲೂ ವ್ಯತ್ಯಾಸ 2 ಮೈಕ್ರಾನಿನೊಳಗಿದ್ದರೆ ಮುಂದಿನ ಲಾಟನ್ನು ಧೈರ್ಯವಾಗಿ ಕಳಿಸಿ. ಐದರಲ್ಲೂ ಒಂದೇ ಕಡೆಗೆ 4, 5 ಮೈಕ್ರಾನ್ ವ್ಯತ್ಯಾಸ ಬಂದರೆ ನಿಮ್ಮಿಬ್ಬರಲ್ಲಿ ಒಬ್ಬರ ಸೆಟ್ಟಿಂಗ್ ಸರಿಯಿಲ್ಲ. ಆಗ ನಿಮ್ಮ ಸ್ಲಿಪ್ ಗೇಜನ್ನೂ ಅದರ ಸರ್ಟಿಫಿಕೇಟನ್ನೂ ತೆಗೆದುಕೊಂಡು ಅವರ ಟೇಬಲ್ಲಿಗೇ ಹೋಗಿ, ಅವರ ಉಪಕರಣದಲ್ಲಿ ಅದನ್ನು ಅಳೆಯಿಸಿ ನೋಡಿ.